ಆಲ್ಟ್ರೇಶನ್ ಮಷೀನಿನಿಂದ ಸ್ವಂತ ಬುಟೀಕಿಗೆ: ಹಳ್ಳಿ ಟೈಲರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಮಷೀನು ಇಟ್ಟುಕೊಂಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಶುರುಮಾಡುವುದು ಸೀರೆಗೆ ಫಾಲ್ ಹಚ್ಚುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಬಿಗಿಯಾದ ಕುಬಸದ ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡುವುದರಿಂದ. ನಾನೂ ಹಾಗೇ ಶುರುಮಾಡಿದವಳು. ಬ್ಲೌಸಿಗೆ ಕೈ ಹಾಕಲು ಬಹಳ ದಿನ ಹೆದರಿದೆ. ಸಾವಿರಾರು ರೂಪಾಯಿಯ ಸೀರೆಯ ಜೊತೆ ಬಂದ ಬಟ್ಟೆಗೆ ಒಮ್ಮೆ ಕತ್ತರಿ ತಪ್ಪಿದರೆ ಮತ್ತೆ ಅದೇ ಬಟ್ಟೆ ಸಿಗುವುದಿಲ್ಲ. ಆ ಹೆದರಿಕೆ ಹೋದದ್ದು ಡಿಸೈನುಗಳನ್ನು ಕಲಿತ ಮೇಲಲ್ಲ, ಫಿಟಿಂಗ್ ಯಾಕೆ ಕೆಡುತ್ತದೆ ಎಂದು ತಿಳಿದ ಮೇಲೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಫಿಟಿಂಗಿಗೇ ಮೀಸಲು. ಅಂಗಡಿ, ಬೋರ್ಡು, ಡಿಸೈನು ಆಮೇಲೆ ಬರುತ್ತವೆ.

ಮೊದಲ ಹೆಜ್ಜೆ: ಆಲ್ಟ್ರೇಶನ್ನಿಗೆ ಬಂದ ಬ್ಲೌಸನ್ನು ಓದುವುದು

ನಿಮ್ಮ ಹತ್ತಿರ ಬರುವ ಪ್ರತಿಯೊಂದು ಆಲ್ಟ್ರೇಶನ್ ಬೇರೊಬ್ಬ ಟೈಲರ್ ಮಾಡಿದ ಒಂದು ತಪ್ಪು. ಅದನ್ನು ಪುಕ್ಕಟೆ ಪಾಠವೆಂದು ತಿಳಿಯಿರಿ. ಒಂದು ನೂರು ಪುಟದ ನೋಟ್‌ಬುಕ್ ತಂದು, ಬಿಚ್ಚುವ ಮೊದಲು ಮೂರು ಸಂಗತಿ ಬರೆದಿಡಿ: ಗಿರಾಕಿ ಏನೆಂದು ದೂರಿದರು, ಅವರು ತೊಟ್ಟುಕೊಂಡು ತೋರಿಸಿದಾಗ ನೆರಿಗೆ ಎಲ್ಲಿಂದ ಎಲ್ಲಿಗೆ ಎಳೆದಿತ್ತು, ನೀವು ಏನು ಬದಲಿಸಿದಿರಿ. ಐವತ್ತು ಬ್ಲೌಸ್ ಆಗುವಷ್ಟರಲ್ಲಿ ಅವೇ ನಾಲ್ಕೈದು ದೂರುಗಳು ಮರಳಿ ಮರಳಿ ಬರುವುದು ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು: "ಅಕ್ಕಾ, ಕೈ ಎತ್ತಿದ್ರ ಇಡೀ ಕುಬಸ ಮ್ಯಾಲ ಬರ್ತೈತ್ರಿ, ಕಂಕಳದಾಗ ಹಿಡೀತೈತಿ." ಹೊಸಬರು ಕೂಡಲೇ ಕಂಕುಳನ್ನು ಇನ್ನಷ್ಟು ಕೆಳಕ್ಕೆ ಕೊರೆದುಬಿಡುತ್ತಾರೆ. ಅದರಿಂದ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತೋಳು ಬ್ಲೌಸಿಗೆ ಕೂಡುವ ಜಾಗ ಕಂಕುಳಿನಿಂದ ಎಷ್ಟು ಕೆಳಗೆ ಇಳಿದಿರುತ್ತದೋ, ಕೈ ಎತ್ತಿದಾಗ ಬ್ಲೌಸ್ ಅಷ್ಟೇ ಮೇಲೆ ಎಳೆದುಕೊಂಡು ಬರುತ್ತದೆ. ಕಂಕುಳ ಮೈಗೆ ಹತ್ತಿರವಿರಬೇಕು, ತೋಳು ಅಗಲವಿರಬೇಕು. ಅದಕ್ಕೆ ತೋಳಿನ ಮೇಲ್ಭಾಗದ ಗುಂಡನೆಯ ತಲೆಯ ಎತ್ತರವನ್ನು ಅರ್ಧ ಇಂಚು ತಗ್ಗಿಸಿ, ಅದಕ್ಕೆ ಸರಿಯಾಗಿ ತೋಳಿನ ಅಗಲ ಹೆಚ್ಚಿಸಬೇಕು. ಹೊಲದಲ್ಲಿ ಕೆಲಸ ಮಾಡುವ, ತಲೆಯ ಮೇಲೆ ಕೊಡ ಹೊರುವ ಹೆಣ್ಣುಮಕ್ಕಳಿಗೆ ಹೊಲಿಯುವಾಗ ಇದನ್ನು ಮರೆಯಲೇಬಾರದು. ಪೇಟೆಯಲ್ಲಿ ಫೋಟೋಕ್ಕೆ ನಿಲ್ಲುವವರಿಗೆ ಎತ್ತರದ ತಲೆಯ ತೋಳು ಸುಕ್ಕಿಲ್ಲದೆ ಚೆಂದ ಕಾಣುತ್ತದೆ, ನಮ್ಮ ಗಿರಾಕಿಗಳಿಗೆ ಅದೇ ತೋಳು ಶಿಕ್ಷೆಯಾಗುತ್ತದೆ.

ಎರಡನೆಯ ದೂರು ಭುಜ ಜಾರುವುದು. ಮೂರನೆಯದು, ಎದೆಯ ಹತ್ತಿರ ಸರಿಯಿದ್ದರೂ ಬೆನ್ನಿನಲ್ಲಿ ಬಟ್ಟೆ ಮಡಿಕೆ ಬೀಳುವುದು. ಇವೆರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ. ಅಳತೆ ತೆಗೆದ ರೀತಿಯಲ್ಲೇ ಅದು ಅಡಗಿರುತ್ತದೆ.

ಎರಡನೆಯ ಹೆಜ್ಜೆ: ಎದೆಗೆ ಎರಡು ಅಳತೆ

ಹಳ್ಳಿಯಲ್ಲಿ ಗಿರಾಕಿಗಳು ಅಳತೆ ಬ್ಲೌಸ್ ತಂದು ಕೊಟ್ಟು ಹೋಗುತ್ತಾರೆ. ಅದೇ ತಪ್ಪು ಅಳತೆಯನ್ನು ನೀವೂ ಹೊಲಿದು ಕೊಟ್ಟರೆ ಬದಲಾವಣೆ ಏನೂ ಆಗುವುದಿಲ್ಲ. ಅಳತೆ ಬ್ಲೌಸ್ ಇಟ್ಟುಕೊಳ್ಳಿ, ಜೊತೆಗೆ ಮೈಮೇಲೆ ಟೇಪು ಹಿಡಿದೂ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸ ಎಲ್ಲಿದೆಯೋ ಅಲ್ಲೇ ಅವರ ತೊಂದರೆ ಇರುತ್ತದೆ. ಒಳಉಡುಪು ಯಾವುದು ತೊಟ್ಟಿದ್ದಾರೆಂದು ಮೆಲ್ಲಗೆ ಕೇಳಿ, ಬ್ಲೌಸ್ ತೊಡುವ ದಿನ ಅದೇ ತೊಡುತ್ತಾರೆಯೇ ಎಂದೂ ಕೇಳಿ. ಬೇರೆಯದನ್ನು ತೊಟ್ಟರೆ ಎದೆಯ ಬಿಂದು ಮುಕ್ಕಾಲು ಇಂಚು ಮೇಲೆ ಕೆಳಗೆ ಆಗಬಹುದು.

ಎದೆಯ ಸುತ್ತಳತೆಯನ್ನು ಎರಡು ಕಡೆ ತೆಗೆಯಿರಿ. ಒಂದು ಕಂಕುಳಿನ ಕೆಳಗೆ, ಎದೆಯ ಉಬ್ಬಿಗಿಂತ ಮೇಲೆ: ಇದು ಮೇಲೆದೆ. ಇನ್ನೊಂದು ಉಬ್ಬಿನ ಮೇಲೆ: ಇದು ತುಂಬೆದೆ. ಭುಜ, ಬೆನ್ನು, ಕಂಕುಳ ಇವು ಎಲುಬಿನ ಗಾತ್ರಕ್ಕೆ ಸಂಬಂಧಿಸಿದವು, ಮೇಲೆದೆಯ ಲೆಕ್ಕದಲ್ಲಿ ಕತ್ತರಿಸಬೇಕು. ತುಂಬೆದೆಯ ಹೆಚ್ಚಳ ಪೂರಾ ಮುಂಭಾಗಕ್ಕೆ ಹೋಗಬೇಕು. ತುಂಬೆದೆಯನ್ನು ನಾಲ್ಕು ಪಾಲು ಮಾಡಿ ಹಿಂದೆಮುಂದೆ ಸಮಾನವಾಗಿ ಹಂಚಿದಾಗಲೇ ಬೆನ್ನಿನಲ್ಲಿ ಮಡಿಕೆ ಬೀಳುವುದು, ಭುಜ ಜಾರುವುದು.

ಒಬ್ಬ ಗಿರಾಕಿಯ ಅಳತೆ ತೆಗೆದುಕೊಂಡು ನೋಡೋಣ. ಮೇಲೆದೆ 34, ತುಂಬೆದೆ 37, ಎದೆಯ ಕೆಳಗಿನ ಸುತ್ತು 32, ಬ್ಲೌಸ್ ಉದ್ದ 14, ಭುಜದಿಂದ ಎದೆಯ ಬಿಂದು 10, ಎರಡು ಬಿಂದುಗಳ ನಡುವೆ ಏಳೂವರೆ ಇಂಚು. ಉಸಿರಾಟಕ್ಕೆ 1 ಇಂಚು ಸಡಿಲ ಸೇರಿಸಿದರೆ ಹೊಲಿದ ಬ್ಲೌಸಿನ ಎದೆ 38 ಆಗಬೇಕು. ಮಡಿಸಿದ ಬಟ್ಟೆಯ ಮೇಲೆ ಗುರುತು ಹಾಕುವಾಗ ಬೆನ್ನಿಗೆ ಮೇಲೆದೆಯ ನಾಲ್ಕನೆಯ ಪಾಲು ಎಂಟೂವರೆ, ಕಾಲು ಇಂಚು ಸಡಿಲ, ಅಂದರೆ 8.75. ಬೆನ್ನು ಬಿಚ್ಚಿದಾಗ 17.5. ಉಳಿದ 20.5 ಇಂಚು ಮುಂಭಾಗಕ್ಕೆ, ಅಂದರೆ ಪ್ರತಿ ಪಾಲಿಗೆ 10.25. ಹಳೆಯ ಲೆಕ್ಕದಲ್ಲಿ ಬೆನ್ನೂ ಮುಂದೂ ಎರಡೂ 9.5 ಆಗುತ್ತಿದ್ದವು. ಹೋಲಿಸಿ ನೋಡಿ: ಬಿಚ್ಚಿದಾಗ ಬೆನ್ನಿಗೆ ಒಟ್ಟು ಒಂದೂವರೆ ಇಂಚು ಬೇಡದ ಬಟ್ಟೆ, ಮುಂದೆ ಅಷ್ಟೇ ಕೊರತೆ.

ಕೆಳಗಿನ ಸುತ್ತಿಗೂ 1 ಇಂಚು ಸಡಿಲ ಸೇರಿಸಿದರೆ 33. ಬೆನ್ನಿನ ಪಾಲು 7.75, ಮುಂದಿನ ಪಾಲು 8.75. ಮುಂದೆ 10.25 ಇದ್ದದ್ದು 8.75 ಆಗಬೇಕಾದರೆ ಒಂದೂವರೆ ಇಂಚು ಎಲ್ಲಿ ಹೋಗಬೇಕು? ಕೆಳಗಿನ ಟಕ್ಸ್‌ನಲ್ಲಿ. ಇದರ ಮೇಲೆ, ಮುಂಭಾಗವನ್ನು ಬೆನ್ನಿಗಿಂತ ಅರ್ಧದಿಂದ ಮುಕ್ಕಾಲು ಇಂಚು ಉದ್ದ ಕತ್ತರಿಸಿ ಆ ಹೆಚ್ಚಳವನ್ನು ಪಕ್ಕದ ಟಕ್ಸ್‌ನಲ್ಲಿ ಹಿಡಿಯಿರಿ. ಉಬ್ಬಿನ ಮೇಲೆ ಹಾಯ್ದು ಬರುವ ಬಟ್ಟೆಗೆ ಉದ್ದವೂ ಹೆಚ್ಚು ಬೇಕು, ಇಲ್ಲದಿದ್ದರೆ ಮುಂದಿನ ಪಟ್ಟಿ ಮೇಲೇರಿ ಕೂರುತ್ತದೆ. ಟಕ್ಸ್‌ನ ತುದಿಯನ್ನು ಎದೆಯ ಬಿಂದುವಿಗೆ ಮುಕ್ಕಾಲು ಇಂಚು ಮೊದಲೇ ನಿಲ್ಲಿಸಿ. ಬಿಂದುವಿನ ತನಕ ಹೊಲಿದರೆ ಅಲ್ಲೊಂದು ಚೂಪು ಏಳುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಅದು ಹೋಗುವುದಿಲ್ಲ.

ಈ ಲೆಕ್ಕಗಳೆಲ್ಲ ಹೊಲಿಗೆಯ ಗೆರೆಯವು. ಅದರಾಚೆ ಪಕ್ಕದಲ್ಲಿ ಒಂದೂವರೆ ಇಂಚು, ಭುಜದಲ್ಲಿ ಅರ್ಧ ಇಂಚು ಮಾರ್ಜಿನ್ ಬಿಡಿ. ಆಲ್ಟ್ರೇಶನ್ ಮಾಡಿದವರಿಗೆ ಆ ಒಂದೂವರೆ ಇಂಚಿನ ಬೆಲೆ ಹೇಳಬೇಕಿಲ್ಲ.

ಮೂರನೆಯ ಹೆಜ್ಜೆ: ಕಾಗದ, ಕಚ್ಚಾ ಬಟ್ಟೆ, ಆಮೇಲೆ ಒಳ್ಳೆಯ ಬಟ್ಟೆ

ಮೊದಲ ಹತ್ತು ಬ್ಲೌಸುಗಳನ್ನು ಮನೆಯವರಿಗೆ, ಓಣಿಯವರಿಗೆ, ಸಾದಾ ಹತ್ತಿ ಬಟ್ಟೆಯಲ್ಲಿ ಹೊಲಿಯಿರಿ. ಒಂದೇ ಗಾತ್ರದ ಹತ್ತು ಜನ ಬೇಡ, ಬೇರೆ ಬೇರೆ ಮೈಕಟ್ಟಿನವರು ಬೇಕು. ಭುಜ ಇಳಿಜಾರು ಇರುವವರು, ಬೆನ್ನು ಸ್ವಲ್ಪ ಬಾಗಿದ ಹಿರಿಯರು, ಬಾಣಂತಿಯರು ಇರಲಿ. ಪ್ರತಿಯೊಬ್ಬರ ಕಟಿಂಗನ್ನೂ ಖಾಕಿ ಕಾಗದದ ಮೇಲೆ ಬಿಡಿಸಿ ಕತ್ತರಿಸಿಟ್ಟುಕೊಳ್ಳಿ. ತೊಡಿಸಿ ನೋಡಿದ ಮೇಲೆ ಎಲ್ಲಿ ಹೆಚ್ಚುಕಡಿಮೆಯಾಯಿತೋ ಅದನ್ನು ಕಾಗದದ ಮೇಲೂ ತಿದ್ದಿ, ಹೆಸರು, ತಾರೀಖು ಬರೆದು ಒಂದು ಲಕೋಟೆಯಲ್ಲಿಡಿ. ಮುಂದೆ ನಿಮ್ಮ ಬುಟೀಕಿನ ನಿಜವಾದ ಆಸ್ತಿ ಈ ಲಕೋಟೆಗಳೇ. ಎರಡನೆಯ ಸಲ ಅದೇ ಗಿರಾಕಿ ಬಂದಾಗ ಕಟಿಂಗಿಗೆ ಹತ್ತು ನಿಮಿಷ ಸಾಕು. ಪ್ರತಿ ವರ್ಷಕ್ಕೊಮ್ಮೆ ಮಾತ್ರ ಮೇಲೆದೆ, ತುಂಬೆದೆ, ಕೆಳಗಿನ ಸುತ್ತು ಮತ್ತೆ ಅಳೆದು ನೋಡಿ.

ಲೈನಿಂಗ್ ಬಟ್ಟೆಯ ವಿಷಯದಲ್ಲಿ ಒಂದು ಅನುಭವ ಹೇಳಲೇಬೇಕು. ಕೆನೆ ಬಣ್ಣದ ಖಣಕ್ಕೆ ಮರೂನ್ ಲೈನಿಂಗ್ ಹಾಕಿ ಹೊಲಿದು ಕೊಟ್ಟಿದ್ದೆ, ಅಂಚಿನ ಬಣ್ಣಕ್ಕೆ ಹೊಂದಲೆಂದು. ಮದುವೆ ಮನೆಯ ಬೆವರಿಗೆ ಕಂಕುಳಲ್ಲಿ ಪೂರಾ ಕೆಂಪು ಬಿಟ್ಟಿತು. ಬಟ್ಟೆಯ ದುಡ್ಡು ಕೊಟ್ಟೆ, ಆದರೆ ಆ ಗಿರಾಕಿ ಮತ್ತೆ ಬರಲಿಲ್ಲ. ಅಂದಿನಿಂದ ಹತ್ತಿ ಲೈನಿಂಗನ್ನು ರಾತ್ರಿಯೇ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡದೆ ಕತ್ತರಿ ಹಾಕುವುದಿಲ್ಲ. ಬಣ್ಣದ ಪರೀಕ್ಷೆಗೆ ಒದ್ದೆ ತುಣುಕನ್ನು ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಬೇಕು. ಬಣ್ಣ ಅಂಟಿದರೆ ಆ ಲೈನಿಂಗ್ ಬೇಡ. ನೆನೆಸುವುದರಿಂದ ಇನ್ನೊಂದು ಲಾಭವಿದೆ: ನೆನೆಸದ ಲೈನಿಂಗ್ ಮೊದಲ ತೊಳೆತಕ್ಕೆ ಕುಗ್ಗಿ ಮೇಲಿನ ರೇಷ್ಮೆ ಗುಳ್ಳೆಗುಳ್ಳೆಯಾಗುತ್ತದೆ.

ಕೊರಳು ಕತ್ತರಿಸಿದ ಕೂಡಲೇ ಅಂಚಿನಿಂದ ಕಾಲು ಇಂಚು ಒಳಗೆ ಒಂದು ಸಾದಾ ಹೊಲಿಗೆ ಓಡಿಸಿ. ಗುಂಡು ಕೊರಳಿನಲ್ಲಿ ಬಟ್ಟೆ ಅಡ್ಡವಾರೆಯಾಗಿ ಬರುವ ಕಡೆ ಕೈಯಲ್ಲಿ ಹಿಡಿದರೇ ಹಿಗ್ಗುತ್ತದೆ. ಹಾಗೆ ಹಿಗ್ಗಿದ ಕೊರಳಿಗೆ ಪೈಪಿಂಗ್ ಹಚ್ಚಿದರೆ ಅದು ಮೈಗೆ ಕೂರದೆ ಬಾಯಿ ಬಿಡುತ್ತದೆ. ರೇಷ್ಮೆಗೆ 11 ನಂಬರಿನ ಸೂಜಿ, ಸಾದಾ ಹತ್ತಿಗೆ 14 ನಂಬರು. ಮೊಂಡಾದ ಸೂಜಿ ರೇಷ್ಮೆಯ ಎಳೆ ಎಳೆಯುತ್ತದೆ, ಅದಕ್ಕೆ ರೇಷ್ಮೆ ಹಿಡಿಯುವ ದಿನ ಹೊಸ ಸೂಜಿ ಹಾಕುತ್ತೇನೆ.

ಖಣದ ಕುಬಸ: ನಮ್ಮ ಸೀಮೆಯವರಿಗೆ ಇರುವ ದಾರಿ

ಯಾವ ಡಿಸೈನಿನಿಂದ ಹೆಸರು ಮಾಡಬೇಕು ಎಂದು ಯೋಚಿಸುವಾಗ ನಿಮ್ಮ ಸೀಮೆಯ ಬಟ್ಟೆಯನ್ನು ಮೊದಲು ನೋಡಿ. ನಮಗೆ ಗುಳೇದಗುಡ್ಡದ ಖಣವಿದೆ, ಇಳಕಲ್ ಸೀರೆಯ ಮೇಲೆ ಅಜ್ಜಿಯಂದಿರು ತೊಡುತ್ತಿದ್ದದ್ದು. ಪೇಟೆಯ ಬುಟೀಕುಗಳ ಜೊತೆ ಮಣಿ, ಕುಂದಣದಲ್ಲಿ ಸ್ಪರ್ಧೆ ಮಾಡುವುದಕ್ಕಿಂತ ಖಣವನ್ನು ಸರಿಯಾಗಿ ಕತ್ತರಿಸಲು ಕಲಿತ ಟೈಲರಿಗೆ ಹೆಚ್ಚು ಕೆಲಸವಿದೆ ಎಂಬುದು ನನ್ನ ಅಭಿಪ್ರಾಯ.

ಕೈಮಗ್ಗದ ಖಣದ ಅಗಲ ಕಡಿಮೆ, ಎರಡೂ ಕಡೆ ಅಂಚು, ನಡುವೆ ಚಿಕ್ಕ ಚಿಕ್ಕ ಬುಟ್ಟಾಗಳು ಸಾಲಾಗಿ ಬರುತ್ತವೆ. ಆದ್ದರಿಂದ ಮಾಮೂಲಿ ಬ್ಲೌಸ್ ಪೀಸಿನಂತೆ ಮೊದಲು ಬೆನ್ನು, ಆಮೇಲೆ ಉಳಿದದ್ದು ಎಂದು ಕತ್ತರಿಸಿದರೆ ಕೊನೆಗೆ ತೋಳಿಗೆ ಅಂಚು ಸಿಗುವುದಿಲ್ಲ. ಮೊದಲು ತೋಳಿನ ಕಾಗದವನ್ನು ಅಂಚಿನ ಮೇಲೆ ಇಟ್ಟು ಗುರುತು ಹಾಕಿ, ಎರಡು ತೋಳಿಗೆ ಎರಡು ಕಡೆಯ ಅಂಚು. ಬೆನ್ನನ್ನು ಆಮೇಲೆ ಕೂರಿಸಿ, ಬುಟ್ಟಾದ ಒಂದು ಸಾಲು ಬೆನ್ನಹುರಿಯ ಮೇಲೆ ನೇರ ಬರುವಂತೆ. ಸಾಲು ಕಾಲಿಂಚು ಓರೆಯಾದರೂ ದೂರದಿಂದಲೇ ಕಾಣುತ್ತದೆ. ಮುಂಭಾಗದ ಎರಡು ಪಾಲುಗಳಲ್ಲಿ ಹುಕ್ಕಿನ ಎರಡೂ ಬದಿ ಬುಟ್ಟಾಗಳು ಎದುರುಬದುರು ಬರಬೇಕು. ಬಟ್ಟೆ ಸಾಲದೆ ಬಂದರೆ ಕಂಕುಳಿನ ಕೆಳಗೆ ತೇಪೆ ಹಾಕಬಹುದು. ಅದೇನೂ ನಾಚಿಕೆಯ ಸಂಗತಿಯಲ್ಲ, ಹಿಂದಿನವರೂ ಹಾಗೇ ಮಾಡುತ್ತಿದ್ದರು. ಆದರೆ ಕತ್ತರಿಸುವ ಮೊದಲೇ ಗಿರಾಕಿಗೆ ತಿಳಿಸಬೇಕು.

ಇಲ್ಲಿಂದ ಡಿಸೈನು ತಾನಾಗಿ ಹುಟ್ಟುತ್ತದೆ. ಬೆನ್ನಿನ ಕೊರಳಿಗೆ ಅಂಚಿನ ಪಟ್ಟಿ, ಸಾದಾ ರೇಷ್ಮೆಯ ಬ್ಲೌಸಿಗೆ ಖಣದ ತೋಳು, ಖಣದ ಚೂರುಗಳಿಂದ ಗುಂಡಿ ಮತ್ತು ದಾರದ ತುದಿಯ ಗೊಂಡೆ. ಒಂದೊಂದನ್ನೂ ಪೂರಾ ಬ್ಲೌಸ್ ಹೊಲಿದು ತೋರಿಸುವುದು ದುಬಾರಿ. ನಾನು ಬೆನ್ನಿನ ಭಾಗವನ್ನಷ್ಟೇ ಹೊಲಿದು ಹ್ಯಾಂಗರಿಗೆ ತೂಗುಹಾಕುತ್ತೇನೆ. ಎಂಟು ಬೆನ್ನುಗಳಿದ್ದರೆ ಎಂಟು ಡಿಸೈನು, ಗಿರಾಕಿ ಮುಟ್ಟಿ ನೋಡಿ ಆರಿಸುತ್ತಾರೆ. ಎಂಟಕ್ಕಿಂತ ಹೆಚ್ಚು ಇಟ್ಟಾಗ ಅವರಿಗೆ ಆರಿಸಲು ಕಷ್ಟವಾಗುತ್ತದೆ, ನನಗೂ ಅಷ್ಟನ್ನು ಒಂದೇ ಅಚ್ಚುಕಟ್ಟಿನಲ್ಲಿ ಹೊಲಿಯಲು ಆಗುವುದಿಲ್ಲ.

ಫೋನಿನ ಫೋಟೋ ತಂದವರಿಗೆ

"ಹಿಂಗ ಹೊಲದ ಕೊಡ್ರಿ" ಎಂದು ಫೋಟೋ ತೋರಿಸಿದಾಗ ತಕ್ಷಣ ಹೂಂ ಅನ್ನಬೇಡಿ. ಮೊದಲು ಫೋಟೋದಲ್ಲಿರುವ ಬಟ್ಟೆ ಗಟ್ಟಿಯೋ ಮೆದುವೋ ನೋಡಿ. ಗಟ್ಟಿ ಬಟ್ಟೆಯಲ್ಲಿ ನಿಲ್ಲುವ ಪಫ್ ತೋಳು ಅವರು ತಂದ ಜಾರ್ಜೆಟ್ಟಿನಲ್ಲಿ ಸೊರಗಿ ಬೀಳುತ್ತದೆ. ಆಮೇಲೆ ಬೆನ್ನಿನ ಕೊರಳು ಎಷ್ಟು ಆಳ ಎಂದು ಟೇಪಿನಿಂದ ಅವರ ಬೆನ್ನ ಮೇಲೆಯೇ ತೋರಿಸಿ. ಆಳ ಕೊರಳು ಬೇಕೆಂದರೆ ಭುಜದ ಅಗಲವನ್ನು ಕಾಲಿನಿಂದ ಅರ್ಧ ಇಂಚು ಕಡಿಮೆ ಮಾಡಬೇಕು, ಮುಂದಿನ ಕೊರಳನ್ನು ಅಷ್ಟು ಅಗಲ ಬಿಡಬಾರದು, ಮೇಲೆ ಕಟ್ಟಲು ದಾರವೂ ಬೇಕು. ಹಿಂದೆಮುಂದೆ ಎರಡೂ ಕೊರಳು ಆಳವಾಗಿ ಅಗಲವಾಗಿದ್ದರೆ ಬ್ಲೌಸನ್ನು ಭುಜದ ಮೇಲೆ ಹಿಡಿದಿಡಲು ಏನೂ ಉಳಿಯುವುದಿಲ್ಲ.

ಆರಿ ವರ್ಕ್ ಕೇಳಿದರೆ ಶುರುವಿನಲ್ಲಿ ಹೊರಗೆ ಕೊಡಿ. ಆದರೆ ಬಟ್ಟೆಯನ್ನು ಕತ್ತರಿಸಿ ಕೊಡಬಾರದು. ಅವರು ಚೌಕಟ್ಟಿಗೆ ಬಿಗಿದು ಕೆಲಸ ಮಾಡುತ್ತಾರೆ, ಕೆಲಸ ಮುಗಿದಾಗ ಬಟ್ಟೆ ಸ್ವಲ್ಪ ಕುಗ್ಗಿರುತ್ತದೆ. ಪೂರಾ ಬಟ್ಟೆಯ ಮೇಲೆ ನಿಮ್ಮ ಕಾಗದದಿಂದ ಗೆರೆ ಬರೆದು ಕೊಡಿ, ಸುತ್ತ ಒಂದೆರಡು ಇಂಚು ಬಿಟ್ಟು. ಹೊಲಿಗೆಯ ಗೆರೆಯಿಂದ ಅರ್ಧ ಇಂಚು ಒಳಗೆ ಮಣಿ ನಿಲ್ಲಿಸಲು ಹೇಳಿ. ಇಲ್ಲದಿದ್ದರೆ ಮಷೀನಿನ ಪಾದದ ಕೆಳಗೆ ಮಣಿ ಸಿಕ್ಕಿ ಸೂಜಿ ಮುರಿಯುತ್ತದೆ. ವಾಪಸ್ ಬಂದ ಮೇಲೆ ಕಾಗದವನ್ನು ಮತ್ತೆ ಇಟ್ಟು, ಗೆರೆ ಸರಿನೋಡಿಯೇ ಕತ್ತರಿಸಿ.

ದರ ಹೇಗೆ ಕಟ್ಟುವುದು

ಪಕ್ಕದವರು ಎಷ್ಟು ತೆಗೆದುಕೊಳ್ಳುತ್ತಾರೋ ಅದಕ್ಕೆ ಇಪ್ಪತ್ತು ರೂಪಾಯಿ ಕಡಿಮೆ ಮಾಡಿ ದರ ಇಡುವುದು ನಮ್ಮಲ್ಲಿ ರೂಢಿ. ಅದರ ಬದಲು ಒಂದು ವಾರ ಗಡಿಯಾರ ನೋಡಿ ಬರೆಯಿರಿ. ಲೈನಿಂಗ್ ಬ್ಲೌಸಿಗೆ ಅಳತೆಯಿಂದ ಹಿಡಿದು ಹುಕ್ಕು, ಹೆಮ್ಮಿಂಗ್, ಇಸ್ತ್ರಿ ತನಕ ನಿಮಗೆ 4 ಗಂಟೆ ಬೇಕು, ನಿಮ್ಮ ಗಂಟೆಗೆ 60 ರೂಪಾಯಿ ಇಡುತ್ತೀರಿ ಎಂದುಕೊಳ್ಳಿ: 240. ಲೈನಿಂಗ್ 60, ದಾರ, ಹುಕ್ಕು, ಪೈಪಿಂಗ್, ಕ್ಯಾನ್ವಾಸಿಗೆ 25, ಕರೆಂಟು ಮತ್ತು ಮಷೀನ್ ರಿಪೇರಿಗೆ 15. ಅಲ್ಲಿಗೆ 340. ಐದು ಬ್ಲೌಸಿನಲ್ಲಿ ಒಂದು ತಿದ್ದಲು ವಾಪಸ್ ಬಂದು ಒಂದು ಗಂಟೆ ತಿಂದರೆ ಪ್ರತಿ ಬ್ಲೌಸಿಗೆ ಇನ್ನೂ 12. ಹಾಗಾದರೆ 350ಕ್ಕಿಂತ ಕಡಿಮೆಗೆ ಹೊಲಿದಾಗ ನಿಮ್ಮ ಕೂಲಿಯಿಂದಲೇ ಗಿರಾಕಿಗೆ ಕೊಟ್ಟಂತೆ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ಇದೇ ಲೆಕ್ಕ ಮಾಡಿ.

ಡಿಸೈನ್ ಬ್ಲೌಸಿಗೆ ಒಟ್ಟು ದರ ಹೇಳದೆ ಸಾದಾ ಬ್ಲೌಸಿನ ದರದ ಮೇಲೆ ಒಂದೊಂದಕ್ಕೂ ಬೇರೆ ಹೇಳಿ: ಅಂಚಿನ ಪಟ್ಟಿಗೆ ಇಷ್ಟು, ಗೊಂಡೆಗೆ ಇಷ್ಟು, ಪಫ್ ತೋಳಿಗೆ ಇಷ್ಟು. ಆಗ ದುಬಾರಿ ಎನ್ನಿಸಿದವರು ಜಗಳವಾಡುವ ಬದಲು ಒಂದನ್ನು ಬಿಡುತ್ತಾರೆ. ಬಟ್ಟೆ ತೆಗೆದುಕೊಳ್ಳುವಾಗಲೇ ಅರ್ಧ ಮುಂಗಡ ತೆಗೆದುಕೊಳ್ಳಿ. ಗುರುತಿನವರ ಹತ್ತಿರ ಕೇಳಲು ಸಂಕೋಚವಾಗುತ್ತದೆ ನಿಜ, ಆದರೆ ಹೊಲಿದು ಮುಗಿದ ಬ್ಲೌಸು ಆರು ತಿಂಗಳು ನಿಮ್ಮ ಕಪಾಟಿನಲ್ಲಿ ಕೂರುವುದು ಗುರುತಿನವರದ್ದೇ.

ಪಂಚಮಿ ಮತ್ತು ಮದುವೆಯ ದಿನಗಳು

ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಆ ಹದಿನೈದು ದಿನ ಮಷೀನಿಗೆ ಬಿಡುವಿಲ್ಲ. ಮದುವೆಗಳು ಸಾಲಾಗಿ ಬರುವ ಬೇಸಿಗೆಯೂ ಹಾಗೇ. ದಿನಕ್ಕೆ ಎರಡು ಬ್ಲೌಸ್ ಹೊಲಿಯುವ ಶಕ್ತಿ ನಿಮ್ಮದಾದರೆ ಹದಿನೈದು ದಿನಕ್ಕೆ ಮೂವತ್ತಲ್ಲ, ಇಪ್ಪತ್ನಾಲ್ಕನ್ನೇ ಒಪ್ಪಿಕೊಳ್ಳಿ. ಕರೆಂಟು ಹೋಗುತ್ತದೆ, ಮಕ್ಕಳಿಗೆ ಜ್ವರ ಬರುತ್ತದೆ, ವಾಪಸ್ ಬಂದದ್ದನ್ನು ತಿದ್ದಬೇಕಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆರಡು ಹೆಸರು ಬರೆಯುತ್ತಾ ಹೋಗಿ, ಇಪ್ಪತ್ನಾಲ್ಕು ಹೆಸರು ತುಂಬಿದ ಮೇಲೆ ಬಂದವರಿಗೆ ಅದನ್ನೇ ತೋರಿಸಿ. ಮದುಮಗಳ ಬ್ಲೌಸಿಗೆ ಮಾತ್ರ ಒಂದು ತೊಟ್ಟುನೋಡುವ ದಿನ ಕಡ್ಡಾಯ, ಮದುವೆಗೆ ಹತ್ತು ದಿನ ಮೊದಲು, ಪಕ್ಕದ ಹೊಲಿಗೆ ಕಚ್ಚಾ ಇರುವಾಗ.

ಮಷೀನು, ಸಾಲ, ಇನ್ನೊಂದು ಜೋಡಿ ಕೈ

ತುಳಿಯುವ ಮಷೀನಿಗೆ ಮೊದಲು ಮೋಟರ್ ಹಾಕಿಸಿ. ಎರಡನೆಯದಾಗಿ ಫಾಲ್‌ಗೆ, ಪೀಕೋಗೆ ಜಿಗ್‌ಜಾಗ್ ಮಷೀನು, ಏಕೆಂದರೆ ಬ್ಲೌಸಿಗೆ ಬಂದ ಪ್ರತಿ ಸೀರೆಗೂ ಆ ಕೆಲಸವಿರುತ್ತದೆ. ಕಸೂತಿ ಮಷೀನಿಗೆ ಸಾಲ ಮಾಡುವ ಆತುರ ಬೇಡ.

2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಅದರಲ್ಲಿ ತರಬೇತಿ, ಸಲಕರಣೆಗೆ 15,000 ರೂಪಾಯಿ ತನಕ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷದ ತನಕ ಸಾಲ ಇಟ್ಟಿದ್ದಾರೆ, ತೀರಿಸಲು 18 ತಿಂಗಳು. ಮನೆಯಲ್ಲಿ ಒಬ್ಬರಿಗೆ ಮಾತ್ರ. ಈಗಿನ ಸ್ಥಿತಿಯನ್ನು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಪೂರ್ತಿ 1 ಲಕ್ಷ ತೆಗೆದರೆ ತಿಂಗಳಿಗೆ ಸುಮಾರು 5,800 ರೂಪಾಯಿ ಕಟ್ಟಬೇಕಾಗುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಬ್ಲೌಸಿನ ಕೂಲಿ 240, ಅಂದರೆ ಇಪ್ಪತ್ನಾಲ್ಕು, ಇಪ್ಪತ್ತೈದು ಬ್ಲೌಸಿನ ಕೂಲಿ ಕಂತಿಗೇ ಹೋಗುತ್ತದೆ. ಆಷಾಢದಂಥ ಕೆಲಸ ಕಡಿಮೆಯ ತಿಂಗಳಲ್ಲೂ ಅಷ್ಟು ಬರುತ್ತವೆಯೇ ಎಂದು ನಿಮ್ಮ ನೋಟ್‌ಬುಕ್ ತೆರೆದು ನೋಡಿ, ಆಮೇಲೆ ಎಷ್ಟು ಸಾಲ ಎಂದು ತೀರ್ಮಾನಿಸಿ.

ಬಾಡಿಗೆ ಅಂಗಡಿಗಿಂತ ಮೊದಲು ಕೈಕೆಲಸಕ್ಕೆ ಒಬ್ಬರನ್ನು ಹಿಡಿಯಿರಿ. ಹುಕ್ಕು, ಹೆಮ್ಮಿಂಗ್, ಗೊಂಡೆ ಇವೇ ನಿಮ್ಮ ನಾಲ್ಕು ಗಂಟೆಯಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ತಿನ್ನುತ್ತವೆ. ಓಣಿಯಲ್ಲಿ ಕೈಹೊಲಿಗೆ ಬಲ್ಲ ಅತ್ತೆಯೋ ಚಿಗವ್ವನೋ ಇದ್ದೇ ಇರುತ್ತಾರೆ. ಬ್ಲೌಸಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿ, ಶನಿವಾರಕ್ಕೊಮ್ಮೆ ಲೆಕ್ಕ ತೀರಿಸಿ. ಮಷೀನ್ ಹೊಲಿಗೆಗೆ ಸಹಾಯಕರು ಬರುವುದು ಆಮೇಲೆ. ಅಳತೆ ಮತ್ತು ಕಟಿಂಗ್ ಮಾತ್ರ ಕೆಲವು ವರ್ಷ ನಿಮ್ಮ ಕೈಯಲ್ಲೇ ಇರಲಿ. ಅದನ್ನೂ ಕಲಿಸುವ ದಿನ ಬಂದಾಗ ಹೊಸ ಹುಡುಗಿಯ ಕೈಗೆ ಕತ್ತರಿ ಕೊಡುವ ಮೊದಲು ಆ ಹಳೆಯ ಆಲ್ಟ್ರೇಶನ್ ನೋಟ್‌ಬುಕ್ ಕೊಟ್ಟು, ಮಾರ್ಜಿನ್ ಬಿಚ್ಚುವುದರಿಂದ ಶುರುಮಾಡಿಸಿ.